ಶವರ್‌ನ ಗಾಜಿನ ಸ್ಲೈಡಿಂಗ್ ಬಾಗಿಲು ಎಳೆದರೂ ಬರುತ್ತಿಲ್ಲ, ಹೊಸ ಸೀಲ್ ಹಾಕಿದ ಮೇಲೆ ಇನ್ನೂ ಬಿಗಿ. ರೋಲರ್ ಹೋಗಿದೆಯಾ?

ಕಿತ್ತಳೆ ತೋಟ, ಮಡಿಕೇರಿ ಹತ್ತಿರ
ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯ ಒಂದು ರೂಮಿನ ಶವರ್‌ಗೆ ಗಾಜಿನ ಸ್ಲೈಡಿಂಗ್ ಬಾಗಿಲು ಇದೆ. ಮೇಲೆ ಸ್ಟೀಲ್ ರಾಡ್, ಅದರ ಮೇಲೆ ಎರಡು ದೊಡ್ಡ ಚಕ್ರ, ಬಾಗಿಲು ಆ ಚಕ್ರಗಳಿಗೆ ನೇತಾಡುತ್ತದೆ. ಕೆಳಗೆ ಟ್ರ್ಯಾಕ್ ಇಲ್ಲ. ಗ್ರಾನೈಟ್ ಕಟ್ಟೆಯ ಮೇಲೆ ಒಂದು ಸಣ್ಣ ಗೈಡ್ ಮಾತ್ರ ಇದೆ. ಗಾಜು 8 ಎಂಎಂ. ಹಾಕಿಸಿ ಐದಾರು ವರ್ಷ ಆಗಿದೆ.

ಹೋದ ಮಳೆಗಾಲದಿಂದ ಬಾಗಿಲು ಸ್ವಲ್ಪ ಎಳೆಯುತ್ತಿತ್ತು. ಕೆಳಗಿನ ಪ್ಲಾಸ್ಟಿಕ್ ಸೀಲ್ ಹಳದಿಯಾಗಿ ಹರಿದಿತ್ತು, ನೀರು ಹೊರಗೆ ಬಂದು ರೂಮಿನ ಮರದ ನೆಲದವರೆಗೂ ಹೋಗುತ್ತಿತ್ತು. ಅದಕ್ಕೆ ಹೊಸ ಸೀಲ್ ತರಿಸಿ ಹಾಕಿಸಿದೆವು. ಈಗ ಬಾಗಿಲು ಎರಡೂ ಕೈಯಲ್ಲಿ ಎಳೆಯಬೇಕು. ಮುಚ್ಚುವಾಗ ಕೊನೆಯ ಅರ್ಧ ಅಡಿಯಲ್ಲಿ ಕಿರ್ ಅಂತ ಶಬ್ದ ಬೇರೆ. ಹಾಕಿಕೊಟ್ಟವರು ಫೋನ್ ಎತ್ತುವುದಿಲ್ಲ. ಮಳೆ ನೋಡೋಕೆ ಬರುವ ಗೆಸ್ಟ್‌ಗಳು ವಾರದ ಕೊನೆಗೆ ಇದ್ದಾರೆ. ರೋಲರ್ ಬದಲಾಯಿಸಬೇಕಾ, ಗೈಡ್ ಸರಿ ಮಾಡಬೇಕಾ, ಸೀಲ್ ತೆಗೆದು ಬಿಸಾಡಬೇಕಾ? ಗೊತ್ತಿರುವವರು ಹೇಳಿ.

ರೊಬಸ್ಟಾ ರಾಜ, ಸಿದ್ದಾಪುರ
ರೋಲರ್ ಹೋಗಿದೆ ಅಕ್ಕ, ಡೌಟೇ ಇಲ್ಲ. ಐದು ವರ್ಷ ಅಂದರೆ ಅದರ ಆಯಸ್ಸು ಮುಗಿಯಿತು. ಹೊಸದು ಬರುವ ತನಕ ರಾಡ್‌ಗೆ ಸ್ವಲ್ಪ ಗ್ರೀಸ್ ಹಚ್ಚಿ, ಜಾರುತ್ತದೆ.

ಹಂಡೆ ನೀರು, ನಾಪೋಕ್ಲು
ಈ ಗಾಜಿನ ಬಾಗಿಲು ನಮ್ಮೂರಿನ ಮಳೆಗೆ ಆಗಿಬರುವುದಿಲ್ಲ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೇನೆ. ಒಲೆ ಮೇಲೆ ಹಂಡೆ, ಪಕ್ಕದಲ್ಲಿ ಚೊಂಬು. ಯಾವ ರೋಲರ್ರೂ ಬೇಡ.

ಏಲಕ್ಕಿ ಗಿಡ, ಸೋಮವಾರಪೇಟೆ
ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು. ಕೆಳಗಿನ ಟ್ರ್ಯಾಕಿನಲ್ಲಿ ಮಣ್ಣು, ಸತ್ತ ಮಳೆಹುಳ ಎಲ್ಲ ತುಂಬಿಕೊಂಡಿತ್ತು. ಹಳೇ ಟೂತ್‌ಬ್ರಶ್‌ನಲ್ಲಿ ಕೆರೆದು ತೊಳೆದೆ, ಸರಿ ಹೋಯಿತು. ಸೊಳ್ಳೆ ಜಾಲರಿಯನ್ನೂ ಆಗಲೇ ಬಿಚ್ಚಿ ತೊಳೆದುಬಿಟ್ಟೆ.

ಕಿತ್ತಳೆ ತೋಟ
@ಏಲಕ್ಕಿ ಗಿಡ, ಅಕ್ಕ, ನೀವು ಹೇಳುತ್ತಿರುವುದು ಅಲ್ಯೂಮಿನಿಯಂ ಕಿಟಕಿ ಅಲ್ವಾ? ನಮ್ಮದು ಶವರ್ ಬಾಗಿಲು, ಕೆಳಗೆ ಟ್ರ್ಯಾಕೇ ಇಲ್ಲ.

ಏಲಕ್ಕಿ ಗಿಡ, ಸೋಮವಾರಪೇಟೆ
ಓ, ನಾನು ಸ್ಲೈಡಿಂಗ್ ಅಂದ ಕೂಡಲೇ ಕಿಟಕಿ ಅಂದುಕೊಂಡೆ 😀 ಆದರೂ ಟೂತ್‌ಬ್ರಶ್ ಒಳ್ಳೆಯದೇ.

ಗಾಜಿನ ಕೆಲಸ, ಗೋಣಿಕೊಪ್ಪ
ಮೇಡಂ, ಮೊದಲು ಗ್ರೀಸ್ ಹಚ್ಚಬೇಡಿ. ಆ ಚಕ್ರದ ಸುತ್ತ ನೈಲಾನ್ ಇರುತ್ತದೆ, ಅದು ರಾಡ್ ಮೇಲೆ ಉರುಳಬೇಕು, ಜಾರಬಾರದು. ಗ್ರೀಸ್ ಹಚ್ಚಿದರೆ ಧೂಳು, ಕೂದಲು, ಸೋಪಿನ ಜಿಡ್ಡು ಎಲ್ಲ ಅಂಟಿ ಕಪ್ಪು ಕೆಸರಿನ ಹಾಗಾಗುತ್ತದೆ. ಅದು ತೊಟ್ಟಿಕ್ಕಿ ಗೆಸ್ಟ್‌ಗಳ ತಲೆ ಮೇಲೆ ಬೀಳುತ್ತದೆ.

ರೋಲರ್, ಗೈಡ್, ಸೀಲ್ ಮೂರರಲ್ಲಿ ಯಾವುದು ಹಿಡಿಯುತ್ತಿದೆ ಅಂತ ಊಹೆ ಮಾಡಬೇಕಾಗಿಲ್ಲ. ಒಂದೊಂದನ್ನೇ ಬಿಡಿಸಿ ಬಾಗಿಲು ಎಳೆದು ನೋಡಬಹುದು. ಮೊದಲು ಸೀಲ್ ತೆಗೆಯಿರಿ. ಅದು ಗಾಜಿನ ಕೆಳ ಅಂಚಿಗೆ ಸುಮ್ನೆ ಸಿಕ್ಕಿಸಿರುತ್ತದೆ, ಒಂದು ತುದಿಯಿಂದ ಎಳೆದರೆ ಬರುತ್ತದೆ. ಗಟ್ಟಿ ಇದ್ದರೆ ಬಿಸಿನೀರು ಹಾಕಿ. ಈಗ ಬಾಗಿಲು ಎಳೆದು ನೋಡಿ. ಸಲೀಸಾಗಿ ಬಂದರೆ ಹಿಡಿಯುತ್ತಿದ್ದದ್ದು ಸೀಲ್.

ಇನ್ನೂ ಎಳೆಯುತ್ತಿದ್ದರೆ ಗೈಡಿನ ಸ್ಕ್ರೂ ಬಿಚ್ಚಿ ಗೈಡನ್ನು ಪಕ್ಕಕ್ಕೆ ಸರಿಸಿ. ಆಗ ಗಾಜು ಕೆಳಗೆ ತೂಗಾಡುತ್ತದೆ. ಅದಕ್ಕೇ ಒಬ್ಬರು ಕೆಳಗೆ ಎರಡೂ ಕಡೆ ಕೈ ಇಟ್ಟುಕೊಂಡೇ ಇರಬೇಕು, ಇನ್ನೊಬ್ಬರು ನಿಧಾನಕ್ಕೆ ಎಳೆಯಬೇಕು. ಆಗಲೂ ಬಿಗಿ ಇದ್ದರೆ ರೋಲರ್ ಅಂತ ಅರ್ಥ. ಅದಕ್ಕೂ ಒಂದು ಪರೀಕ್ಷೆ ಇದೆ. ಪ್ರತಿ ಚಕ್ರಕ್ಕೂ ಮಾರ್ಕರ್ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಬಾಗಿಲು ಸರಿದಾಗ ಚುಕ್ಕೆ ಸುತ್ತಬೇಕು. ಸುತ್ತದೆ ನಿಂತಲ್ಲೇ ಇದ್ದರೆ ಒಳಗಿನ ಬೇರಿಂಗ್ ಕಚ್ಚಿಕೊಂಡಿದೆ, ಚಕ್ರ ಉಜ್ಜಿಕೊಂಡು ಹೋಗುತ್ತಿದೆ.

ಇನ್ನೊಂದು. ಬಾಗಿಲನ್ನು ಗೋಡೆಯಿಂದ ಒಂದು ಬೆರಳು ದೂರ ನಿಲ್ಲಿಸಿ, ಗೋಡೆಗೂ ಗಾಜಿಗೂ ಇರುವ ಸಂದನ್ನು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಅಳೆದು ಇಲ್ಲಿ ಹಾಕಿ. ಗಾಜಿನ ಕೆಳ ಅಂಚಿಗೂ ಕಟ್ಟೆಗೂ ಎಷ್ಟು ಸಂದಿದೆ ಅಂತ ಎರಡೂ ತುದಿಯಲ್ಲಿ ಅಳೆಯಿರಿ.

ರೊಬಸ್ಟಾ ರಾಜ, ಸಿದ್ದಾಪುರ
ಇಷ್ಟೆಲ್ಲ ಪರೀಕ್ಷೆ ಮಾಡುವಷ್ಟರಲ್ಲಿ ಹೊಸ ರೋಲರ್ ಹಾಕಿ ಮುಗಿಸಬಹುದು. ಗ್ರೀಸ್ ಬೇಡ ಅಂದರೆ ತೆಂಗಿನೆಣ್ಣೆ ಹಾಕಿ.

ಗಾಜಿನ ಕೆಲಸ, ಗೋಣಿಕೊಪ್ಪ
ತೆಂಗಿನೆಣ್ಣೆ ನಮ್ಮ ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ ಅಣ್ಣ. ಅದನ್ನು ತಲೆಗೇ ಹಚ್ಚಿಕೊಳ್ಳಿ.

ಕುಶಾಲನಗರ ಹುಡುಗ
ಮಧ್ಯದಲ್ಲಿ ಬಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮದು ಮೂಲೆಯಲ್ಲಿ ನಿಲ್ಲುವ, ಮುಂದೆ ಬಾಗಿದ ಗಾಜಿನ ಕ್ಯಾಬಿನ್. ಎರಡು ಬಾಗಿಲು, ಒಂದೊಂದಕ್ಕೆ ಮೇಲೆ ಎರಡು ಕೆಳಗೆ ಎರಡು ಸಣ್ಣ ಚಕ್ರ. ಒಂದು ಬಾಗಿಲು ಆಗಾಗ ಕೆಳಗಿನ ಟ್ರ್ಯಾಕಿನಿಂದ ಹೊರಗೆ ಬರುತ್ತದೆ. ನಾನೂ ಇದೇ ಪರೀಕ್ಷೆ ಮಾಡಬೇಕಾ?

ಗಾಜಿನ ಕೆಲಸ, ಗೋಣಿಕೊಪ್ಪ
@ಕುಶಾಲನಗರ ಹುಡುಗ, ನಿಮ್ಮದು ಬೇರೆ ಜಾತಿ ತಮ್ಮ. ನಿಮ್ಮ ಕೆಳಗಿನ ಚಕ್ರದಲ್ಲಿ ಒಂದು ಗುಂಡಿ ಇರಬೇಕು. ಅದನ್ನು ಒತ್ತಿದರೆ ಸ್ಪ್ರಿಂಗ್ ಒಳಗೆ ಹೋಗಿ ಚಕ್ರ ಟ್ರ್ಯಾಕಿನಿಂದ ಬಿಡುತ್ತದೆ. ತೊಳೆಯಲು ಅನುಕೂಲ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಸ್ಪ್ರಿಂಗ್ ತುಕ್ಕು ಹಿಡಿದು ಸೋತರೆ ತಾನಾಗೇ ಬಿಡುತ್ತದೆ. ಹೊಸದು ತರುವಾಗ ಚಕ್ರದ ಅಡ್ಡಳತೆ ಎಂಎಂನಲ್ಲಿ ಸರಿಯಾಗಿ ಅಳೆಯಿರಿ. 23ರ ಜಾಗಕ್ಕೆ 25 ತಂದರೆ ಬಾಗಿಲು ಕೂರುವುದೇ ಇಲ್ಲ.

ಕಿತ್ತಳೆ ತೋಟ
ನನ್ನ ತಮ್ಮನನ್ನು ಕರೆಸಿ ಎಲ್ಲ ನೋಡಿದೆವು. ಸೀಲ್ ತೆಗೆದಾಗ ಅರ್ಧಕ್ಕರ್ಧ ಸಲೀಸಾಯಿತು. ಆದರೆ ಕೊನೆಯ ಅರ್ಧ ಅಡಿಯ ಕಿರ್ ಶಬ್ದ ಹೋಗಲಿಲ್ಲ. ಚುಕ್ಕೆ ಇಟ್ಟು ನೋಡಿದೆವು. ಹಿಂದಿನ ಚಕ್ರ ಸುತ್ತುತ್ತದೆ. ಮುಂದಿನದು, ಅಂದರೆ ಹಿಡಿಕೆ ಇರುವ ಕಡೆಯದು, ಸ್ವಲ್ಪ ಸುತ್ತಿ ನಿಂತುಬಿಡುತ್ತದೆ. ಅದರ ಕೆಳಗೆ ಗಾಜಿನ ಮೇಲೆ ಕಂದು ಗೆರೆ ಇಳಿದಿದೆ, ರಾಡ್ ಮೇಲೆ ಕಪ್ಪು ಪುಡಿ.

ಅಳತೆ: ಗೋಡೆ ಕಡೆ ಸಂದು ಮೇಲೆ 4 ಎಂಎಂ, ಕೆಳಗೆ 9. ಕಟ್ಟೆಗೂ ಗಾಜಿಗೂ ಮುಂದಿನ ತುದಿಯಲ್ಲಿ 7, ಹಿಂದಿನ ತುದಿಯಲ್ಲಿ 9. ಬಾಗಿಲಿನ ಅಗಲ 700, ಎತ್ತರ 1900.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಗೋಡೆಯೇ ಸೊಟ್ಟ ಇದ್ದರೆ? ಮೇಲೆ 4 ಕೆಳಗೆ 9 ಅಂದರೆ ಟೈಲ್ಸ್ ಹಾಕುವಾಗ ಗುಂಡು ಬಿಟ್ಟು ನೋಡಿಲ್ಲ ಅಂತಲೂ ಇರಬಹುದು. ಹಳೇ ಮನೆಗೆ ಹೊಸ ಬಾತ್‌ರೂಮ್ ಮಾಡಿದ ಕಡೆ ಇದು ಮಾಮೂಲು. ಸುಮ್ನೆ ರೋಲರ್ ಮೇಲೆ ಹಾಕಬೇಡಿ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಮೇಸ್ತ್ರಿಯವರ ಮಾತು ಸರಿ, ಗೋಡೆಯನ್ನೂ ನೋಡಬೇಕು. ಆದರೆ ಕೆಳಗಿನ 7 ಮತ್ತು 9 ಕೂಡ ಅದೇ ಕಥೆ ಹೇಳುತ್ತಿದೆಯಲ್ಲ? ಕಟ್ಟೆ ಮಟ್ಟವಾಗಿದ್ದರೆ ಬಾಗಿಲು ಮುಂದಕ್ಕೆ ವಾಲಿದೆ ಅಂತಲೇ ಅರ್ಥ. ರಾಡ್ ಮಟ್ಟ ಇದೆಯಾ ಅಂತ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದಿರಾ? ರಾಡ್ ಇಳಿಜಾರಾಗಿದ್ದರೂ ಬಾಗಿಲು ವಾಲುತ್ತದೆ.

ಕಿತ್ತಳೆ ತೋಟ
ಮೇಷ್ಟ್ರೇ, ರಾಡ್ ಮೇಲೆ ಗುಳ್ಳೆ ನಡುವಿನಲ್ಲೇ ನಿಲ್ಲುತ್ತದೆ. ಗೋಡೆಗೆ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟೆವು, ಹೆಚ್ಚುಕಮ್ಮಿ ನೇರ ಇದೆ. ಬಾಗಿಲು ಬಿಟ್ಟರೆ ತಾನಾಗಿ ಯಾವ ಕಡೆಗೂ ಓಡುವುದಿಲ್ಲ.

ಗಾಜಿನ ಕೆಲಸ, ಗೋಣಿಕೊಪ್ಪ
ಹಾಗಾದರೆ ಮುಂದಿನ ರೋಲರ್ ಸವೆದು ಇಳಿದಿದೆ. ಲೆಕ್ಕ ನೋಡಿ. 700 ಅಗಲದ ಬಾಗಿಲಿನಲ್ಲಿ ಎರಡು ರೋಲರ್ ನಡುವೆ ಸುಮಾರು 500 ಇರುತ್ತದೆ. ಎತ್ತರ 1900, ಅಂದರೆ ಅದರ ನಾಲ್ಕರಷ್ಟು ಹತ್ತಿರ. ಮುಂದಿನ ಚಕ್ರ ಒಂದು ಎಂಎಂಗಿಂತ ಸ್ವಲ್ಪ ಜಾಸ್ತಿ ಇಳಿದರೂ ಗೋಡೆ ಕಡೆಯ ಸಂದಿನಲ್ಲಿ ಮೇಲಕ್ಕೂ ಕೆಳಕ್ಕೂ 5 ಎಂಎಂ ವ್ಯತ್ಯಾಸ ಬರುತ್ತದೆ. ನಿಮಗೆ ಬಂದಿರುವುದೂ ಅಷ್ಟೇ. ಕಣ್ಣಿಗೆ ಚಕ್ರ ಚೆನ್ನಾಗೇ ಕಾಣುತ್ತದೆ, ಅದಕ್ಕೇ ಜನ ಸೀಲ್, ಗೈಡ್ ಅಂತ ಓಡಾಡುತ್ತಾರೆ.

ನಿಮ್ಮ ಹೊಸ ಸೀಲಿನ ನಾಲಿಗೆ ಎಷ್ಟು ಉದ್ದ? 10 ಇದ್ದರೆ 7ರ ಸಂದಿನಲ್ಲಿ ಅದು ಮಡಚಿಕೊಂಡು ಗ್ರಾನೈಟನ್ನು ಒತ್ತಿ ಹಿಡಿಯುತ್ತದೆ. ಹಳೇ ಸೀಲ್ ಹರಿದಿದ್ದರಿಂದ ಅಷ್ಟು ಗೊತ್ತಾಗಿರಲಿಲ್ಲ. ನಾಲಿಗೆ ಕಟ್ಟೆಯನ್ನು ಸವರಿಕೊಂಡು ಹೋಗಬೇಕು, ಸಂದಿಗಿಂತ ಒಂದೆರಡು ಎಂಎಂ ಜಾಸ್ತಿ ಇದ್ದರೆ ಸಾಕು.

ಬಾತ್‌ರೂಮ್ ಯಾವುದರಲ್ಲಿ ತೊಳೆಯುತ್ತೀರಿ ಮೇಡಂ?

ಕಿತ್ತಳೆ ತೋಟ
ನಾಲಿಗೆ 10 ಇದೆ, ಈಗ ಅಳೆದೆ. ತೊಳೆಯುವುದು ಕೆಲಸದವರು. ಟಾಯ್ಲೆಟ್‌ಗೆ ಹಾಕುವ ಆಸಿಡ್ ಅನ್ನೇ ನೆಲಕ್ಕೂ ಹಾಕುತ್ತಾರೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದೆ, ಕೆಂಪು ಕಲೆ ಬೇರೆ ಯಾವುದಕ್ಕೂ ಹೋಗುವುದಿಲ್ಲ.

ಗಾಜಿನ ಕೆಲಸ, ಗೋಣಿಕೊಪ್ಪ
ಅದೇ ನೋಡಿ. ಆ ಆಸಿಡ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ರಾಡ್ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಕುಳಿಗಳು ಬೀಳುತ್ತವೆ. ನೆಲಕ್ಕೆ ಹಾಕಿದರೂ ಹೊಗೆ ಮೇಲಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ಕಿಟಕಿ ಮುಚ್ಚಿರುವುದರಿಂದ ಅಲ್ಲೇ ನಿಲ್ಲುತ್ತದೆ. ಬೇರಿಂಗ್ ಕಚ್ಚಿಕೊಳ್ಳಲು ಅಷ್ಟು ಸಾಕು. ಕಲೆಗೆ ನಿಂಬೆಹುಳಿ ಪುಡಿ ನೀರಿನಲ್ಲಿ ಕರಗಿಸಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಲಿ. ಗ್ರಾನೈಟ್ ತಡೆದುಕೊಳ್ಳುತ್ತದೆ. ಮಾರ್ಬಲ್ ಇದ್ದ ಕಡೆ ಅದೂ ಬೇಡ.

ಹಂಡೆ ನೀರು, ನಾಪೋಕ್ಲು
ಕಬ್ಬಿಣದ ನೀರು ಅಂದಾಗ ನೆನಪಾಯಿತು, ಯಾರಾದರೂ ಫಿಲ್ಟರ್ ಹಾಕಿಸಿದ್ದೀರಾ? ನಮ್ಮ ಬಿಳಿ ಪಂಚೆಗಳೆಲ್ಲ ಕೇಸರಿ ಆಗಿವೆ.

ಏಲಕ್ಕಿ ಗಿಡ, ಸೋಮವಾರಪೇಟೆ
ಅದಕ್ಕೆ ಬೇರೆ ಪೋಸ್ಟ್ ಹಾಕಿ ಅಣ್ಣ, ನನಗೂ ಬೇಕು. ಇಲ್ಲಿ ಕಳೆದುಹೋಗುತ್ತದೆ.

ರೊಬಸ್ಟಾ ರಾಜ, ಸಿದ್ದಾಪುರ
ಕೊನೆಗೆ ರೋಲರ್ರೇ ತಾನೆ? ನಾನು ಮೊದಲನೇ ಸಾಲಿನಲ್ಲೇ ಹೇಳಿದ್ದೆ 😎

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಉತ್ತರ ಸರಿ, ವಿಧಾನಕ್ಕೆ ಸೊನ್ನೆ. ಗ್ರೀಸಿಗೆ ಇನ್ನೆರಡು ಕಡಿತ.

ಕಿತ್ತಳೆ ತೋಟ
😂 ಸರಿ, ಈಗ ಬಾಗಿಲು ಇಳಿಸುವುದು ಹೇಗೆ? ನಮ್ಮಿಂದ ಆಗುತ್ತದಾ? ಗಾಜು ಒಡೆದರೆ ಅಂತ ಭಯ.

ಗಾಜಿನ ಕೆಲಸ, ಗೋಣಿಕೊಪ್ಪ
ಇಬ್ಬರು ಗಟ್ಟಿಮುಟ್ಟಾದವರು ಇದ್ದರೆ ಆಗುತ್ತದೆ. ನಿಮ್ಮ ಗಾಜು ಸುಮಾರು 27 ಕೆಜಿ ಬರುತ್ತದೆ. ತೂಕಕ್ಕಿಂತ ಅದು ಒದ್ದೆ ಕೈಯಲ್ಲಿ ಜಾರುವುದೇ ಕಷ್ಟ. ರಬ್ಬರ್ ಹಿಡಿತದ ಗ್ಲೌಸ್, ಕಾಲಿಗೆ ಶೂ ಹಾಕಿಕೊಳ್ಳಿ. ಬಾತ್‌ರೂಮ್ ಒಣಗಿರಲಿ.

ಮೊದಲು ಬಾಗಿಲು ಇಡುವ ಜಾಗ ತಯಾರು ಮಾಡಿ. ರೂಮಿನಲ್ಲಿ ಗೋಡೆ ಪಕ್ಕ ದಪ್ಪ ಕಂಬಳಿ ಮಡಚಿ ಹಾಸಿ, ಗೋಡೆಗೂ ಒಂದು ಕಂಬಳಿ. ಟಫನ್ಡ್ ಗಾಜಿನ ಮುಖಕ್ಕೆ ಗುದ್ದಿದರೂ ತಡೆಯುತ್ತದೆ. ಅದರ ಜೀವ ಇರುವುದು ಅಂಚಿನಲ್ಲಿ. ಮೂಲೆ ಟೈಲ್ಸಿಗೆ ಸಣ್ಣಗೆ ತಾಗಿದರೂ ಇಡೀ ಗಾಜು ಕಲ್ಲುಸಕ್ಕರೆ ಚೂರಿನ ಹಾಗೆ ಉದುರಿಬಿಡಬಹುದು.

ಆಮೇಲೆ ಕೆಳಗಿನ ಗೈಡ್ ಬಿಚ್ಚಿ. ಮೇಲೆ ರಾಡಿನ ಕೆಳಭಾಗದಲ್ಲಿ ಪ್ರತಿ ರೋಲರ್ ಹತ್ತಿರ ಒಂದು ಸಣ್ಣ ಬಿಲ್ಲೆ ಇರುತ್ತದೆ. ಬಾಗಿಲು ಎಗರಿ ರಾಡ್ ಬಿಡದ ಹಾಗೆ ತಡೆಯುವುದು ಅದೇ. ಅಲೆನ್ ಕೀಯಲ್ಲಿ ಅದನ್ನು ಸಡಿಲಿಸಿ ಕೆಳಕ್ಕೆ ತಿರುಗಿಸಿ. ಇದನ್ನು ಮರೆತು ಬಾಗಿಲು ಎತ್ತಲು ಹೋದರೆ ಎಷ್ಟು ಎತ್ತಿದರೂ ಬರುವುದಿಲ್ಲ, ಜೋರು ಮಾಡಿದರೆ ಗಾಜಿನ ತೂತಿನ ಸುತ್ತ ಬಿರುಕು ಬಿಡುತ್ತದೆ. ಬಿಲ್ಲೆ ಸಡಿಲಾದ ಮೇಲೆ ಇಬ್ಬರೂ ಒಟ್ಟಿಗೆ ನೇರ ಮೇಲಕ್ಕೆ ಎತ್ತಿ ಚಕ್ರವನ್ನು ರಾಡಿನಿಂದ ಬಿಡಿಸಿ ಹೊರಗೆ ತನ್ನಿ.

ರೋಲರ್ ಬಿಚ್ಚಿದಾಗ ಗಾಜಿನ ಎರಡೂ ಕಡೆ ಪ್ಲಾಸ್ಟಿಕ್ ವಾಷರ್, ತೂತಿನೊಳಗೆ ಒಂದು ಪ್ಲಾಸ್ಟಿಕ್ ಕೊಳವೆ ಸಿಗುತ್ತದೆ. ಅವು ಬೇಕೇ ಬೇಕು. ಲೋಹ ಗಾಜಿಗೆ ನೇರ ತಾಗಬಾರದು.

ಎರಡೂ ರೋಲರ್ ಒಟ್ಟಿಗೆ ಬದಲಾಯಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಅಡ್ಡಳತೆ ಬೇರೆ ಆಗಿ ಮತ್ತೆ ವಾಲುತ್ತದೆ.

ರೊಬಸ್ಟಾ ರಾಜ, ಸಿದ್ದಾಪುರ
ರೋಲರ್ ಸೈಜ್ ಹೊಂದದಿದ್ದರೆ ಗಾಜಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿಸಿದರೆ ಆಯಿತು. ಡೈಮಂಡ್ ಬಿಟ್ ನನ್ನ ಹತ್ತಿರ ಇದೆ, ಬೇಕಾದರೆ ಕೊಡುತ್ತೇನೆ.

ಗಾಜಿನ ಕೆಲಸ, ಗೋಣಿಕೊಪ್ಪ
ಅಯ್ಯೋ ಬೇಡ ಮಾರಾಯರೇ! ಟಫನ್ಡ್ ಗಾಜಿಗೆ ತೂತು, ಕಟಿಂಗ್, ಅಂಚು ಉಜ್ಜುವುದು ಎಲ್ಲ ಫರ್ನೇಸಿಗೆ ಹೋಗುವ ಮೊದಲೇ ಮುಗಿದಿರಬೇಕು. ಆಮೇಲೆ ಬಿಟ್ ಇಟ್ಟರೆ ಪೂರ್ತಿ ಪುಡಿ. ಮನೆಯಲ್ಲಿ ಇರುವ ಸಾಧಾರಣ ಕಿಟಕಿ ಗಾಜಿಗೆ ನಿಮ್ಮ ಬಿಟ್ ನಡೆಯುತ್ತದೆ, ಇದಕ್ಕೆ ಅಲ್ಲ.

ಮೇಡಂ, ಹಳೇ ರೋಲರ್ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಗಾಜಿನ ತೂತಿನ ಅಳತೆ, ಗಾಜಿನ ದಪ್ಪ, ಚಕ್ರದ ಅಡ್ಡಳತೆ ಚೀಟಿಯಲ್ಲಿ ಬರೆದಿರಲಿ. ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಸಿಗುವುದು ಕಡಿಮೆ. ಮೈಸೂರಿನ ಗ್ಲಾಸ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ.

ಕುಶಾಲನಗರ ಹುಡುಗ
ನಾನು ಫೋಟೋ ತೋರಿಸಿ ಆನ್‌ಲೈನ್‌ನಲ್ಲಿ ತರಿಸಿದೆ. ನೋಡೋಕೆ ಅದೇ, ಕೂರಿಸಿದರೆ ಅದಲ್ಲ. ವಾಪಸ್ ಕಳಿಸುತ್ತಿದ್ದೇನೆ.

ಏಲಕ್ಕಿ ಗಿಡ, ಸೋಮವಾರಪೇಟೆ
ಈ ಗಾಜು ತಾನಾಗೇ ಒಡೆಯುತ್ತದಂತೆ, ನಿಜವಾ? ನಮ್ಮ ನೆಂಟರ ಮನೆಯಲ್ಲಿ ರಾತ್ರಿ ಯಾರೂ ಇಲ್ಲದಾಗ ಢಮ್ ಅಂತ ಒಡೆದಿದೆ. ದೃಷ್ಟಿ ಆಗಿದೆ ಅಂತ ಪೂಜೆ ಮಾಡಿಸಿದರು.

ಗಾಜಿನ ಕೆಲಸ, ಗೋಣಿಕೊಪ್ಪ
ಅಪರೂಪಕ್ಕೆ ಆಗುತ್ತದೆ ಅಕ್ಕ. ಗಾಜು ಮಾಡುವಾಗ ಒಳಗೆ ನಿಕ್ಕಲ್ ಸಲ್ಫೈಡ್ ಅನ್ನುವ ಕಣ್ಣಿಗೆ ಕಾಣದ ಕಾಳು ಸೇರಿಕೊಂಡಿದ್ದರೆ ಅದು ವರ್ಷಗಳ ಮೇಲೂ ನಿಧಾನಕ್ಕೆ ಹಿಗ್ಗಿ ಒಡೆಯುತ್ತದೆ. ಆದರೆ ನಾನು ನೋಡಿದ ಜಾಸ್ತಿ ಕೇಸುಗಳಲ್ಲಿ ಅಂಚಿಗೆ ಮೊದಲೇ ಪೆಟ್ಟು ಬಿದ್ದಿತ್ತು. ಮೇಡಂ ಬಾಗಿಲಿನ ಹಾಗೆ ಗಾಜು ಇಳಿದು ಗೈಡಿನ ಲೋಹವನ್ನು ದಿನಾ ಉಜ್ಜುತ್ತಿದ್ದರೆ ಅಲ್ಲೇ ಸಣ್ಣ ಚಕ್ಕೆ ಏಳುತ್ತದೆ. ಬಾಗಿಲು ಇಳಿಸಿದಾಗ ಕೆಳ ಅಂಚಿನ ಮೇಲೆ ಉಗುರು ಸವರಿ ನೋಡಿ ಮೇಡಂ. ಚಕ್ಕೆ ಎದ್ದಿದ್ದರೆ ಆ ಗಾಜು ಮತ್ತೆ ಹಾಕಬೇಡಿ.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಉಗುರು ಸವರುವ ಮೊದಲು ಗ್ಲೌಸ್ ಇರಲಿ. ನನ್ನ ಬೆರಳು ಕೊಯ್ದುಕೊಂಡ ಗುರುತು ಇನ್ನೂ ಇದೆ.

ಕಿತ್ತಳೆ ತೋಟ
ಸುದ್ದಿ ಹೇಳುತ್ತೇನೆ. ಬಾಗಿಲು ಇಳಿಸಿದೆವು, ತಮ್ಮ ಮತ್ತು ತೋಟದ ರೈಟರ್ ಸೇರಿ. ಅಂಚಿನಲ್ಲಿ ಚಕ್ಕೆ ಇಲ್ಲ, ಒಂದು ಕಡೆ ಸ್ವಲ್ಪ ಮಬ್ಬಾಗಿದೆ ಅಷ್ಟೇ. ಮುಂದಿನ ರೋಲರಿನ ನೈಲಾನ್ ಒಂದು ಪಕ್ಕ ಪೂರಾ ಚಪ್ಪಟೆ, ಬೇರಿಂಗ್‌ನಿಂದ ತುಕ್ಕಿನ ಪುಡಿ ಬೀಳುತ್ತಿದೆ. ಮೈಸೂರಿಗೆ ಹೋಗುವವರ ಕೈಯಲ್ಲಿ ಹಳೆಯದನ್ನು ಕಳಿಸಿದೆ. ಅಂಗಡಿಯವರು ಮೊದಲು ತೋರಿಸಿದ್ದಕ್ಕೆ 16 ಎಂಎಂ ತೂತು ಬೇಕಿತ್ತಂತೆ, ನಮ್ಮದು 12. ಚೀಟಿ ಇದ್ದದ್ದು ಒಳ್ಳೆಯದಾಯಿತು. 12ರದ್ದು ಸಿಕ್ಕಿದೆ.

ಹಾಕಿದ್ದೂ ಆಯಿತು. ಈಗ ಚಕ್ರ ಎರಡೂ ಸುತ್ತುತ್ತವೆ. ಆದರೆ ಗೈಡ್ ಮತ್ತೆ ಹಾಕಿದರೆ ಬಾಗಿಲು ಮೊದಲಿನಷ್ಟಲ್ಲದಿದ್ದರೂ ಬಿಗಿ. ಗೈಡ್ ತೆಗೆದರೆ ಒಂದು ಬೆರಳಲ್ಲಿ ಓಡುತ್ತದೆ.

ಗಾಜಿನ ಕೆಲಸ, ಗೋಣಿಕೊಪ್ಪ
ಗೈಡ್ ತೆಗೆದು ಬಾಗಿಲು ಸುಮ್ನೆ ತೂಗಾಡಿ ನಿಲ್ಲಲಿ. ನಿಂತ ಮೇಲೆ ಗಾಜಿನ ಎರಡೂ ಮುಖದ ನೇರಕ್ಕೆ ಕಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಗೈಡಿನ ಸೀಳು ಆ ಎರಡು ಗೆರೆಗಳ ನಡುವೆ ಸರಿಯಾಗಿ ಬರಬೇಕು, ಗಾಜಿನ ಎರಡೂ ಪಕ್ಕ ಹತ್ತಿರ ಒಂದೊಂದು ಎಂಎಂ ಸಡಿಲ ಇರಬೇಕು. ಹೊಸ ರೋಲರಿನ ದಪ್ಪ ಹಳೆಯದಕ್ಕಿಂತ ಸ್ವಲ್ಪ ಬೇರೆ ಇದ್ದರೆ ಗಾಜು ಒಳಕ್ಕೋ ಹೊರಕ್ಕೋ ಸರಿದಿರುತ್ತದೆ. ಆಗ ಹಳೇ ಜಾಗದ ಗೈಡ್ ಗಾಜನ್ನು ಒಂದು ಪಕ್ಕಕ್ಕೆ ಎಳೆದು ಹಿಡಿಯುತ್ತದೆ.

ಇನ್ನೊಂದು ವಿಷಯ. ಗೈಡ್ ಇರಬೇಕಾದದ್ದು ಬಾಗಿಲಿನ ಪಕ್ಕ ಸರಿಯದೆ ನಿಂತ ಗಾಜಿನ ಅಂಚಿನ ಹತ್ತಿರ, ಎರಡು ಗಾಜು ಒಂದರ ಮೇಲೊಂದು ಬರುವ ಜಾಗದಲ್ಲಿ. ಪೂರ್ತಿ ತೆರೆದರೂ ಪೂರ್ತಿ ಮುಚ್ಚಿದರೂ ಬಾಗಿಲು ಗೈಡ್ ಬಿಟ್ಟು ಹೋಗಬಾರದು.

ಕಿತ್ತಳೆ ತೋಟ
ಗೆರೆ ಎಳೆದೆವು. ಗಾಜು ಹೊರಗಡೆಗೆ 3 ಎಂಎಂ ಸರಿದಿದೆ! ಗೈಡಿಗೆ ಹೊಸ ತೂತು ಹಾಕಬೇಕು ಅಂತಾಯಿತು. ಹಳೇ ತೂತಿನ ಪಕ್ಕದಲ್ಲೇ ಬರುತ್ತದೆ, ಗ್ರಾನೈಟ್ ಬಿರುಕು ಬಿಡುವುದಿಲ್ವಾ?

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಬಿಡುತ್ತದೆ. 3 ಎಂಎಂ ಪಕ್ಕಕ್ಕೆ ತೂತು ಹಾಕಲು ಹೋದರೆ ಬಿಟ್ ಹಳೇ ತೂತಿಗೇ ಜಾರುತ್ತದೆ. ಗೈಡನ್ನು ಉದ್ದಕ್ಕೆ ಎರಡು ಇಂಚು ಸರಿಸಿ ಹೊಸ ಜಾಗದಲ್ಲಿ ಹಾಕಿ. ಹ್ಯಾಮರ್ ಆಫ್ ಮಾಡಿ, ಬರೀ ತಿರುಗಿಸಿ, ನೀರು ಬಿಡುತ್ತಾ ಕೊರೆಯಿರಿ. ತೂತು ಆದ ಮೇಲೆ ಒಣಗಿಸಿ ಒಳಗೆ ಸಿಲಿಕೋನ್ ತುಂಬಿ ಸ್ಕ್ರೂ ಹಾಕಿ. ಇಲ್ಲದಿದ್ದರೆ ಕಟ್ಟೆಯೊಳಗೆ ನೀರು ಇಳಿದು ಕೆಳಗಿನ ರೂಮಿನ ಸೀಲಿಂಗ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಹಳೇ ತೂತಿಗೂ ಸಿಲಿಕೋನ್.

ಸಿಲಿಕೋನ್ ನ್ಯೂಟ್ರಲ್ ಅಂತ ಕೇಳಿ ತನ್ನಿ. ವಿನೆಗರ್ ವಾಸನೆ ಬರುವುದು ಕಲ್ಲಿಗೆ ಬೇಡ.

ನಿವೃತ್ತ ಮೇಷ್ಟ್ರು, ವಿರಾಜಪೇಟೆ
ಕಕ್ಕಡದ ಮಳೆಯಲ್ಲಿ ಸಿಲಿಕೋನ್ ಒಣಗುತ್ತದಾ? ನಮ್ಮಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಒಣಗುತ್ತದೆ ಮೇಷ್ಟ್ರೇ. ಸಿಲಿಕೋನ್ ಗಾಳಿಯ ತೇವ ಹೀರಿಕೊಂಡೇ ಗಟ್ಟಿಯಾಗುವುದು. ತೊಂದರೆ ಬರುವುದು ಕಲ್ಲು ಒದ್ದೆ ಇದ್ದರೆ, ಆಗ ಅಂಟುವುದಿಲ್ಲ. ಹೇರ್ ಡ್ರೈಯರ್ ಹಿಡಿದು ಕಲ್ಲು ಒಣಗಿಸಿ ಹಾಕಿ, ಒಂದು ದಿನ ನೀರು ತಾಗಿಸಬೇಡಿ.

ರೊಬಸ್ಟಾ ರಾಜ, ಸಿದ್ದಾಪುರ
ನಾನಾಗಿದ್ದರೆ ಒಳಗಡೆ ಹೊರಗಡೆ ಎರಡೂ ಕಡೆ ಸಿಲಿಕೋನ್ ಹೊಡೆದು ಮುಚ್ಚಿಬಿಡುತ್ತಿದ್ದೆ. ನೀರಿನ ಮಾತೇ ಬರುವುದಿಲ್ಲ.

ಗಾಜಿನ ಕೆಲಸ, ಗೋಣಿಕೊಪ್ಪ
ನಿಂತ ಗಾಜಿಗೆ ಅಲ್ಯೂಮಿನಿಯಂ ಫ್ರೇಮ್ ಇದ್ದರೆ ಒಳಗಡೆ ಮುಚ್ಚಬಾರದು ಅಣ್ಣ. ಫ್ರೇಮಿನೊಳಗೆ ಹೋದ ನೀರು ವಾಪಸ್ ಶವರ್ ಕಡೆಗೆ ಇಳಿಯಲು ದಾರಿ ಬೇಕು. ಒಳಗೆ ಮುಚ್ಚಿದರೆ ಅದು ಹೊರಗಡೆಯೇ ದಾರಿ ಹುಡುಕುತ್ತದೆ.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಇದನ್ನು ನಾನು ಒಪ್ಪುವುದಿಲ್ಲ. ಒಳಗೆ ಬಿಟ್ಟರೆ ಫ್ರೇಮಿನಡಿ ಕಪ್ಪು ಬೂಸ್ಟು ಹಿಡಿಯುತ್ತದೆ, ನಮ್ಮ ಕಡೆ ಅಂತೂ ಗ್ಯಾರಂಟಿ.

ಗಾಜಿನ ಕೆಲಸ, ಗೋಣಿಕೊಪ್ಪ
ಬೂಸ್ಟು ತೊಳೆಯಬಹುದು, ಮರದ ನೆಲ ಉಬ್ಬಿದರೆ ಏನು ಮಾಡುತ್ತೀರಿ?

ಹಂಡೆ ನೀರು, ನಾಪೋಕ್ಲು
ಬಾತ್‌ರೂಮ್ ಪಕ್ಕ ಮರದ ನೆಲ ಹಾಕಿದವರ ಬಗ್ಗೆ ಯಾರೂ ಏನೂ ಹೇಳುತ್ತಿಲ್ಲ ನೋಡಿ.

ಕಿತ್ತಳೆ ತೋಟ
ಅದು ನಮ್ಮ ಅತ್ತೆಯವರ ಆಯ್ಕೆ, ಬಿಟ್ಟುಬಿಡಿ 🙏

ಮೇಸ್ತ್ರಿ ಹೇಳಿದ ಹಾಗೆ ಗೈಡ್ ಎರಡು ಇಂಚು ಸರಿಸಿ ಹಾಕಿಸಿದೆವು. ಹೊಸ ಜಾಗದಲ್ಲೂ ಬಾಗಿಲು ಗೈಡ್ ಬಿಟ್ಟು ಹೋಗುವುದಿಲ್ಲ. ಬಾಗಿಲು ಈಗ ಸಲೀಸು. ಗೋಡೆ ಕಡೆ ಸಂದು ಮೇಲೆ 6, ಕೆಳಗೆ 7. ಕಟ್ಟೆ ಕಡೆ ಎರಡೂ ತುದಿಯಲ್ಲಿ 9ರ ಹತ್ತಿರ. ಆ ಉಳಿದ ಒಂದು ಎಂಎಂ ಸರಿ ಮಾಡಬೇಕಾ? ಬಿಸಾಡಲು ಇಟ್ಟಿದ್ದ ಹೊಸ ಸೀಲನ್ನೇ ಮತ್ತೆ ಹಾಕಿದೆ. ಈಗ ಅದು ಬರೀ ಸವರುತ್ತದೆ, ಹಿಡಿಯುವುದಿಲ್ಲ.

ಆದರೆ ಶವರ್ ಬಿಟ್ಟು ನೋಡಿದರೆ ಮುಚ್ಚುವ ಕಡೆಯ ಕೆಳಗಿನ ಮೂಲೆಯಿಂದ ಇನ್ನೂ ಸಣ್ಣಗೆ ನೀರು ಬರುತ್ತಿದೆ. ಮೊದಲಿನ ಹಾಗೆ ಹರಿಯುವುದಿಲ್ಲ, ಒಂದು ಅಂಗೈಯಷ್ಟು ಒದ್ದೆ.

ಗಾಜಿನ ಕೆಲಸ, ಗೋಣಿಕೊಪ್ಪ
ಒಂದು ಎಂಎಂ ಬಿಡಿ, ಅದು ಗೋಡೆಯದ್ದೂ ಇರಬಹುದು. ತೀರಾ ಬೇಕಿದ್ದರೆ ರೋಲರಿನ ಬೋಲ್ಟ್ ನೋಡಿ. ಕೆಲವು ಸೆಟ್ಟಿನಲ್ಲಿ ಅದು ನಡುವಿಗೆ ಇರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ಸಡಿಲಿಸಿ ತಿರುಗಿಸಿದರೆ ಆ ಕಡೆ ಬಾಗಿಲು ಏಳುತ್ತದೆ, ಇಳಿಯುತ್ತದೆ. ಒಬ್ಬರು ಗಾಜಿನ ಭಾರ ಹಿಡಿದುಕೊಂಡಿರಬೇಕು.

ಮೂಲೆಯ ನೀರಿಗೆ, ಮೊದಲು ಸೀಲಿನ ನಾಲಿಗೆ ಯಾವ ಕಡೆ ಬಾಗಿದೆ ನೋಡಿ. ಶವರ್ ಒಳಗಡೆಗೆ ಬಾಗಿರಬೇಕು. ಆಮೇಲೆ ಸೀಲ್ ಗಾಜಿನ ತುದಿಯವರೆಗೂ ಇದೆಯಾ ನೋಡಿ. ಕತ್ತರಿಸುವಾಗ ಐದಾರು ಎಂಎಂ ಗಿಡ್ಡ ಆಗಿದ್ದರೆ ಅಲ್ಲೇ ಸೋರುತ್ತದೆ. ಗಾಜಿನ ನಿಂತ ಅಂಚಿಗೆ, ಗೋಡೆ ಕಡೆಗೆ, ಬೇರೆ ಒಂದು ಸೀಲ್ ಇರಬೇಕಲ್ಲ, ಅದು ಇದೆಯಾ?

ಕಿತ್ತಳೆ ತೋಟ
ನಿಂತ ಅಂಚಿನದ್ದು ಇದೆ. ನಾಲಿಗೆ ಒಳಗೇ ಇದೆ. ಸೀಲ್ ತುದಿಯವರೆಗೂ ಇದೆ.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಹಾಗಾದರೆ ಕಟ್ಟೆ. ಕಟ್ಟೆಯ ಮೇಲ್ಭಾಗ ಶವರ್ ಕಡೆಗೆ ಒಂದು ಚೂರು ಇಳಿಜಾರು ಇರಬೇಕು. ಮಟ್ಟವಾಗಿದ್ದರೆ ಅಥವಾ ಹೊರಗಡೆಗೆ ವಾಲಿದ್ದರೆ ಸೀಲ್ ಎಷ್ಟು ಒಳ್ಳೆಯದಿದ್ದರೂ ನೀರು ನಾಲಿಗೆಯ ಕೆಳಗೆ ನುಸುಳುತ್ತದೆ. ಬಾಗಿಲು ತೆರೆದು ಆ ಮೂಲೆಯಲ್ಲಿ ಒಂದು ಚಮಚ ನೀರು ಹಾಕಿ, ಯಾವ ಕಡೆ ಹರಿಯುತ್ತದೆ ನೋಡಿ. ಹೊರಗೆ ಬಂದರೆ ಕಟ್ಟೆಯ ಕಲ್ಲು ಎತ್ತಿ ಮತ್ತೆ ಕೂರಿಸಬೇಕು.

ಗಾಜಿನ ಕೆಲಸ, ಗೋಣಿಕೊಪ್ಪ
ಕಲ್ಲು ಎತ್ತುವುದೆಲ್ಲ ಬೇಡ ಮೇಡಂ, ಅದರ ಮೇಲೆ ನಿಂತ ಗಾಜು ಕೂತಿದೆ. ಬಾಗಿಲಿನ ಹೊರಗಡೆ, ಕಟ್ಟೆಯ ಮೇಲೆ ಉದ್ದಕ್ಕೆ ಒಂದು ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ಪಟ್ಟಿ ನ್ಯೂಟ್ರಲ್ ಸಿಲಿಕೋನ್ ಹಾಕಿ ಅಂಟಿಸಿ. ನುಸುಳಿದ ನೀರು ಅಲ್ಲೇ ನಿಂತು ವಾಪಸ್ ಹೋಗುತ್ತದೆ.

ಟೈಲ್ಸ್ ಮೇಸ್ತ್ರಿ, ಸುಂಟಿಕೊಪ್ಪ
ಇಳಿಜಾರು ಹೊರಗಿದ್ದರೆ ವಾಪಸ್ ಹೇಗೆ ಹೋಗುತ್ತದೆ? ಅಲ್ಲೇ ನಿಂತು ಪಾಚಿ ಕಟ್ಟುತ್ತದೆ. ನೀವು ಗಾಜಿನವರು ಎಲ್ಲದಕ್ಕೂ ಒಂದು ಪಟ್ಟಿ ಅಂಟಿಸುತ್ತೀರಿ.

ಗಾಜಿನ ಕೆಲಸ, ಗೋಣಿಕೊಪ್ಪ
ನೀವು ಮೇಸ್ತ್ರಿಗಳು ಎಲ್ಲದಕ್ಕೂ ಒಡೆಯುತ್ತೀರಿ 😄 ಗೆಸ್ಟ್ ವಾರದ ಕೊನೆಗೆ ಬರುತ್ತಾರೆ ಅಂದಿದ್ದಾರೆ. ದಿನಾ ಒಮ್ಮೆ ವೈಪರ್ ಎಳೆದರೆ ನಡೆಯುತ್ತದೆ. ಒಡೆಯುವುದು ಮಳೆ ಮುಗಿದ ಮೇಲೆ ಯೋಚಿಸಲಿ.

ಕಿತ್ತಳೆ ತೋಟ
ಚಮಚದಲ್ಲಿ ನೀರು ಹಾಕಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಇಬ್ಬರೂ ಗೆದ್ದಿರಿ. ಸದ್ಯಕ್ಕೆ ಪಟ್ಟಿ ಅಂಟಿಸುತ್ತೇನೆ. ಮೇಸ್ತ್ರಿಯವರೇ, ಕಾಫಿ ಕೊಯ್ಲು ಶುರುವಾಗುವ ಮೊದಲು ಒಮ್ಮೆ ಬಂದು ಕಟ್ಟೆ ನೋಡಿಕೊಂಡು ಹೋಗಿ.

ಕುಶಾಲನಗರ ಹುಡುಗ
ಅಣ್ಣ, ನನ್ನ ಕೆಳಗಿನ ಚಕ್ರ 23 ಅಲ್ಲ, 25 ಅಲ್ಲ, ಅಳೆದರೆ 24 ಬರುತ್ತಿದೆ. ಸವೆದದ್ದು ಇರಬಹುದಾ?

ಗಾಜಿನ ಕೆಲಸ, ಗೋಣಿಕೊಪ್ಪ
ಇರಬಹುದು ತಮ್ಮ. ಮೇಲಿನ ಚಕ್ರವನ್ನೂ ಅಳೆದು ಹೇಳು, ಅದು ಕಡಿಮೆ ಸವೆದಿರುತ್ತದೆ.